ತಂಗಿಯ ರಿಸಲ್ಟೂ ಬಂತು, ಹಬ್ಬವೂ ಬಂತು: ಐದು ಸಾಲಿನ ಅಭಿನಂದನೆ ಬರೆಯುವುದು ಹೇಗೆ?

ನಮ್ಮ ಕಡೆ ಯುಗಾದಿಯೂ ದ್ವಿತೀಯ ಪಿಯುಸಿ ಫಲಿತಾಂಶವೂ ಈಗೀಗ ಬೆನ್ನು ಬೆನ್ನಿಗೆ ಬರುತ್ತಿವೆ. 2024ರಲ್ಲಿ ಏಪ್ರಿಲ್ 9ಕ್ಕೆ ಯುಗಾದಿ, ಮಾರನೇ ದಿನ ಹೊಸತೊಡಕಿನಂದೇ ಪರೀಕ್ಷೆ-1ರ ಫಲಿತಾಂಶ. 2025ರಲ್ಲಿ ಮಾರ್ಚ್ 30ಕ್ಕೆ ಹಬ್ಬ, ಏಪ್ರಿಲ್ 8ಕ್ಕೆ ಫಲಿತಾಂಶ. ಹಬ್ಬದ ಹಾರೈಕೆಗಳು ಮೊಬೈಲಿನಲ್ಲಿ ಇನ್ನೂ ಹರಿದಾಡುತ್ತಿರುವಾಗಲೇ ಚಿಕ್ಕಪ್ಪನ ಮಗಳು ಪಾಸಾದ ಸುದ್ದಿ ಬರುತ್ತದೆ. ಮನೆಯವರ ಗುಂಪಿನಲ್ಲಿ ಇಪ್ಪತ್ತು ಜನ ಒಂದೇ ಹೂಗುಚ್ಛದ ಚಿತ್ರ ಹಾಕುತ್ತಾರೆ, ಮಗು ಇಪ್ಪತ್ತು ಸಲ ಕೈಮುಗಿಯುವ ಗುರುತು ಹಾಕುತ್ತದೆ, ಅಲ್ಲಿಗೆ ಮುಗಿಯಿತು. ಆ ಮಗು ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ತೆಗೆದು ಓದುವಂಥ ಐದು ಸಾಲು ಬರೆಯುವುದು ಕಷ್ಟವಲ್ಲ. ಒಂದು ಮನೆಯ ಉದಾಹರಣೆ ಇಟ್ಟುಕೊಂಡು ನೋಡೋಣ.

ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ ಎಂದುಕೊಳ್ಳಿ. ಮಗಳು ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿಬಂದು ಕಾಮರ್ಸ್ ಓದಿದ್ದಾಳೆ. 600ಕ್ಕೆ 547 ಬಂದಿದೆ, ಅಕೌಂಟೆನ್ಸಿಗೆ 97. ಬರೆಯುವವರು ತುಮಕೂರಿನಲ್ಲಿರುವ ದೊಡ್ಡಪ್ಪನ ಮಗ, ಅಂದರೆ ಅವಳಿಗೆ ಅಣ್ಣ.

ಮೊದಲು ಚಿಕ್ಕಮ್ಮನಿಗೆ ಫೋನು

ಬರೆಯುವ ಮೊದಲು ಒಂದು ಫೋನ್ ಮಾಡಿ. ಎರಡು ಕಾರಣಕ್ಕೆ. ಒಂದು, ಅಂಕ ಸರಿಯಾಗಿ ತಿಳಿಯಬೇಕು. 85 ಪರ್ಸೆಂಟ್ ದಾಟಿದರೆ ಡಿಸ್ಟಿಂಕ್ಷನ್, ಅಂದರೆ 600ಕ್ಕೆ 510. ಡಿಸ್ಟಿಂಕ್ಷನ್ ಬಂದ ಮಗುವಿಗೆ ‘ಫಸ್ಟ್ ಕ್ಲಾಸ್ ಬಂದಿದ್ದೀಯ, ಸಂತೋಷ’ ಎಂದು ಬರೆದರೆ ಮೇಲೆ ಏನೂ ಅನ್ನದಿದ್ದರೂ ಅದರ ಮುಖ ಚಿಕ್ಕದಾಗುತ್ತದೆ. ಎಸ್ಸೆಸ್ಸೆಲ್ಸಿಯಾದರೆ ಒಟ್ಟು 625, ಪ್ರಥಮ ಭಾಷೆಗೆ 125 ಅಂಕ ಇರುವುದರಿಂದ. ಅಲ್ಲಿ ಕನ್ನಡದಲ್ಲಿ 120 ಬಂದರೆ ಅದು ನೂರಕ್ಕೆ ನೂರಿಪ್ಪತ್ತಲ್ಲ ಎನ್ನುವುದನ್ನು ಹಿರಿಯರು ಮರೆತುಬಿಡುತ್ತಾರೆ.

ಎರಡನೇ ಕಾರಣ ಇನ್ನೂ ಮುಖ್ಯ. ಅಂಕ ಹೇಳುವ ಹಕ್ಕು ಅವಳದು. ಅವಳು ತಾನಾಗಿ ಗುಂಪಿನಲ್ಲಿ ಹಾಕಿದ್ದರೆ ಮಾತ್ರ ನೀವೂ ಅಂಕ ಬರೆಯಿರಿ. ಇಲ್ಲವಾದರೆ ‘ಒಳ್ಳೇ ಮಾರ್ಕ್ಸ್ ತಗೊಂಡಿದ್ದೀಯ’ ಎನ್ನುವುದಷ್ಟೇ ಸಾಕು. ನೋಂದಣಿ ಸಂಖ್ಯೆ ಕಾಣುವ ಫಲಿತಾಂಶದ ಚಿತ್ರವನ್ನಂತೂ ಯಾರೂ ಹಂಚಬಾರದು. ಅದೊಂದಿದ್ದರೆ ಬೇಕಾದವರು ಪ್ರತಿ ವಿಷಯದ ಅಂಕವನ್ನೂ ತೆಗೆದು ನೋಡಬಹುದು.

ಆ ಫೋನಿನಲ್ಲೇ ಇನ್ನೊಂದು ಕೆಲಸ ಮುಗಿಸಿ. ‘ಪರೀಕ್ಷೆ ಟೈಮಲ್ಲಿ ಹೇಗೆ ಓದ್ತಿದ್ಲು ಚಿಕ್ಕಮ್ಮ?’ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ನಿಮ್ಮ ಐದು ಸಾಲಿನ ಜೀವ ಅಲ್ಲಿ ಸಿಗುತ್ತದೆ.

ಕರೆಯುವ ಹೆಸರು

ಮೊದಲ ಪದವೇ ಸಂಬಂಧವನ್ನು ಹೇಳಬೇಕು. ದಾಖಲೆಯ ಪೂರ್ತಿ ಹೆಸರು ಬರೆದು ‘ಅವರಿಗೆ ಹಾರ್ದಿಕ ಅಭಿನಂದನೆಗಳು’ ಎಂದರೆ ಅದು ಸರ್ಕಲ್ಲಿನಲ್ಲಿ ಕಟ್ಟುವ ಫ್ಲೆಕ್ಸ್ ಆಯಿತು. ಮನೆಯಲ್ಲಿ ಪುಟ್ಟಿ ಎಂದು ಕರೆಯುತ್ತಿದ್ದರೆ ಪುಟ್ಟಿ ಎಂದೇ ಬರೆಯಿರಿ. ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳಾದರೆ ಅಣ್ಣ, ಅಕ್ಕ, ತಮ್ಮ, ತಂಗಿ ಎಂದು ಸಲೀಸು. ಸೋದರತ್ತೆಯ ಹಿರಿಯ ಮಗ ಭಾವ ಆಗುತ್ತಾನೆ, ಅವನಿಗೆ ಬಹಳ ಮನೆಗಳಲ್ಲಿ ಬಹುವಚನವೇ ರೂಢಿ. ಎದುರಿಗೆ ‘ನೀವು’ ಎಂದು ಮಾತಾಡಿ, ಬರೆಯುವಾಗ ‘ನೀನು’ ಎಂದರೆ ಹಿರಿಯರ ಕಣ್ಣಿಗೆ ತಟ್ಟನೆ ಬೀಳುತ್ತದೆ. ಅತ್ತೆ ಮಗಳಿಗೋ ಮಾವನ ಮಗಳಿಗೋ ಬರೆಯುವಾಗ ನಮ್ಮಲ್ಲಿ ತಮಾಷೆಯ ಸಲುಗೆ ಉಂಟು ನಿಜ. ಆದರೆ ಪಾಸಾದ ದಿನವೇ ‘ಇನ್ನು ಮದುವೆ ಊಟ ಯಾವಾಗ’ ಎಂಬ ಮಾತು ಬೇಡ. ಓದು ಮುಂದುವರಿಸುತ್ತೇನೆಂದು ಅವಳು ಮನೆಯಲ್ಲಿ ವಾದ ಮಾಡುತ್ತಿರುವ ಹೊತ್ತು ಅದು. ನಿಮ್ಮ ಒಂದು ತಮಾಷೆ ಎದುರು ಪಕ್ಷಕ್ಕೆ ಬಲ ಕೊಟ್ಟೀತು.

ನಡುವಿನ ಸಾಲು: ಅವಳೊಬ್ಬಳಿಗೇ ಸಲ್ಲುವ ಮಾತು

ಇಲ್ಲಿ ಸ್ವಲ್ಪ ನಿಲ್ಲೋಣ. ‘ನಿನ್ನ ಪರಿಶ್ರಮಕ್ಕೆ ತಕ್ಕ ಫಲ ಸಿಕ್ಕಿದೆ’ ಎಂಬ ಸಾಲು ತಪ್ಪಲ್ಲ, ಆದರೆ ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದು. ಯಾವ ಪರಿಶ್ರಮ ಎನ್ನುವುದನ್ನು ಹೇಳಿದಾಗಲೇ ಅದು ಅವಳದಾಗುವುದು.

ನಮ್ಮ ಉದಾಹರಣೆಯ ಮನೆಯನ್ನೇ ನೋಡಿ. 2024ರ ಪರೀಕ್ಷೆ-1 ಮಾರ್ಚ್ 1ಕ್ಕೆ ಶುರುವಾಗಿ 22ರವರೆಗೆ ನಡೆಯಿತು. ಆ ದಿನಗಳಲ್ಲಿ ಆ ಮನೆಯಲ್ಲಿ ಒಂದು ಬೆಳೆ ಹುಳು ಇತ್ತು ಎನ್ನಿ. ಹುಳು ಸಾಕಿದವರಿಗೆ ಗೊತ್ತು, ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಹುಳು ನಾಲ್ಕನೇ ಸಲ ಪೊರೆ ಕಳಚಿ ಎದ್ದ ಮೇಲೆ, ಒಂದು ವಾರ ಮನೆಯವರಿಗೆ ನಿದ್ದೆ ಇರುವುದಿಲ್ಲ. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ವಾರದಲ್ಲೇ ತಿನ್ನುತ್ತದೆ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಲೇಬೇಕು, ರಾತ್ರಿಯದೂ ಸೇರಿ. ಹುಡುಗಿ ರಾತ್ರಿಯ ಸೊಪ್ಪು ಹಾಕಿ, ಕೈ ತೊಳೆದುಕೊಂಡು ಬಂದು ಲೆಕ್ಕದ ಪುಸ್ತಕ ಹಿಡಿಯುತ್ತಿದ್ದಳು ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದರೆ, ಬರೆಯಬೇಕಾದ ಮಾತು ಅದೇ. ಶಿಡ್ಲಘಟ್ಟದ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ‘ನಾಲ್ಕನೇ ಜ್ವರ’ ಎಂದರೆ ಸಾಕು, ಉಳಿದದ್ದು ಅವರಿಗೆ ಕಣ್ಣಿಗೆ ಕಟ್ಟುತ್ತದೆ.

ಆದರೆ ಒಂದು ಎಚ್ಚರ. ಮನೆಯ ಕಷ್ಟವನ್ನು ಎತ್ತಿ ಆಡಬಾರದು. ‘ಅಷ್ಟೊಂದು ಬಡತನದಲ್ಲೂ ಓದಿದೆಯಲ್ಲ’ ಎಂದು ಎಲ್ಲರೆದುರು ಬರೆದರೆ ಹೊಗಳಿಕೆ ಮಗಳಿಗೆ, ಏಟು ಚಿಕ್ಕಪ್ಪನಿಗೆ. ಅವಳು ಮಾಡಿದ ಕೆಲಸ ಹೇಳಿ, ಮನೆಯಲ್ಲಿ ಇಲ್ಲದ್ದನ್ನು ಎಣಿಸಬೇಡಿ. ಬರೆದ ಸಾಲು ಸರಿಯಾಗಿದೆಯೇ ಎಂದು ನೋಡಲು ಒಂದು ಸುಲಭದ ದಾರಿ ಉಂಟು: ಅದನ್ನು ಚಿಕ್ಕಪ್ಪ ಊರಿನವರ ಎದುರು ಗಟ್ಟಿಯಾಗಿ ಓದಿದರೆ ಅವರಿಗೆ ಸಂತೋಷವಾಗುತ್ತದೋ ಮುಜುಗರವಾಗುತ್ತದೋ?

ಹಬ್ಬಕ್ಕೆ ಒಂದೇ ಸಾಲು

ಹಬ್ಬವನ್ನು ಸೇರಿಸುವಲ್ಲಿ ಎರಡು ರೀತಿ ಕೆಡುತ್ತದೆ. ‘ಸಮಸ್ತರಿಗೂ ಯುಗಾದಿಯ ಶುಭಾಶಯಗಳು, ಹಾಗೆಯೇ ಪುಟ್ಟಿಗೂ ಅಭಿನಂದನೆ’ ಎಂದು ಬರೆದರೆ ಅವಳ ಸುದ್ದಿ ಹಬ್ಬಕ್ಕೆ ಬಾಲವಾಗುತ್ತದೆ. ಇನ್ನು ಬೇವು ಬೆಲ್ಲ, ಮಾವಿನ ತೋರಣ, ಹೊಂಗೆಯ ಹೂವು ಎಲ್ಲ ಪೋಣಿಸಿದರೆ ಹುಡುಗಿ ಕಾಣಿಸುವುದೇ ಇಲ್ಲ. ಬೇವನ್ನು ಪರೀಕ್ಷೆಗೂ ಬೆಲ್ಲವನ್ನು ಅಂಕಕ್ಕೂ ಹೋಲಿಸುವುದಂತೂ ಆ ವಾರ ಎಲ್ಲರೂ ಮಾಡುವ ಕೆಲಸ.

ಹಬ್ಬದ ಒಂದು ವಸ್ತುವನ್ನು ಅವಳ ಕೈಗೆ ಮುಟ್ಟಿಸಿ, ಅಷ್ಟು ಸಾಕು. ಫಲಿತಾಂಶ ಬಂದಿರುವುದು ಹೊಸತೊಡಕಿನ ದಿನ. ಅಂದರೆ ನಿನ್ನೆಯ ಒಬ್ಬಟ್ಟು ಡಬ್ಬಿಯಲ್ಲಿ ಉಳಿದಿರುತ್ತದೆ, ಒಲೆಯ ಮೇಲೆ ಇಂದಿನ ಅಡುಗೆ. ಅದನ್ನೇ ಬರೆಯಿರಿ.

ಪೂರ್ತಿ ಸಂದೇಶ

ಎಲ್ಲ ಸೇರಿಸಿದರೆ ಹೀಗಾಗುತ್ತದೆ:

‘ಪುಟ್ಟಿ, ಅಭಿನಂದನೆ ಕಣಮ್ಮ! 547, ಅದ್ರಲ್ಲೂ ಅಕೌಂಟೆನ್ಸಿಗೆ 97 ಅಂತ ಕೇಳಿ ಇಲ್ಲಿ ಎಲ್ಲರಿಗೂ ತುಂಬಾ ಖುಷಿ. ಹುಳ ನಾಲ್ಕನೇ ಜ್ವರ ಎದ್ದಿದ್ದ ವಾರ ಸೊಪ್ಪು ಹಾಕ್ಬಿಟ್ಟು ಬಂದು ಓದ್ತಿದ್ದೆ ಅಂತ ಚಿಕ್ಕಮ್ಮ ಹೇಳಿದ್ರು, ಕೇಳಿ ಹೆಮ್ಮೆ ಆಯ್ತು. ಚಿಕ್ಕಪ್ಪ, ಚಿಕ್ಕಮ್ಮ, ನಿಮಗೂ ಅಭಿನಂದನೆ. ನಿನ್ನ ಪಾಲಿನ ಒಬ್ಬಟ್ಟು ತೆಗೆದಿಟ್ಟಿದ್ದೀವಿ, ಭಾನುವಾರ ತಗೊಂಡ್ ಬರ್ತೀವಿ.’

ಆಡುಮಾತಿನಲ್ಲೇ ಇರಲಿ. ಕೋಲಾರ, ಚಿಂತಾಮಣಿ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗಿನಲ್ಲಿ, ಬರಹ ಕನ್ನಡದಲ್ಲಿ. ಅಂಥಲ್ಲಿ ಮನೆಮಾತಿನ ಒಂದು ಪ್ರೀತಿಯ ಕರೆಯನ್ನು ಕನ್ನಡ ಅಕ್ಷರದಲ್ಲೇ ಬರೆದರೆ ಇನ್ನೂ ಚೆನ್ನ. ಕೊನೆಯ ಸಾಲಿನ ಮಾತನ್ನು ಮಾತ್ರ ನಡೆಸಿಕೊಡಬೇಕು. ಭಾನುವಾರ ಹೋಗಲಾಗದಿದ್ದರೆ ಆ ಸಾಲು ಬರೆಯಬೇಡಿ.

ಸಲಹೆಗೆ ಇಲ್ಲಿ ಜಾಗವಿಲ್ಲ ಎನ್ನುವುದನ್ನು ಗಮನಿಸಿ. ‘ಬಿ.ಕಾಂ ಮಾಡು’, ‘ಸಿಎಗೆ ಸೇರು’, ‘ಅಕೌಂಟೆನ್ಸಿಲಿ ಆ ಮೂರು ಎಲ್ಲಿ ಹೋಯ್ತು’ ಎಲ್ಲವೂ ಮುಂದಿನ ವಾರಕ್ಕಿರಲಿ.

ಅದೇ ಮನೆಯಲ್ಲಿ ಇನ್ನೊಬ್ಬ ಇದ್ದರೆ

ಅದೇ ಗುಂಪಿನಲ್ಲಿ ಮಾಲೂರಿನ ಅತ್ತೆಯ ಮಗನೂ ಪರೀಕ್ಷೆ ಬರೆದು, ಒಂದು ವಿಷಯ ಉಳಿಸಿಕೊಂಡಿರಬಹುದು. ‘ನಮ್ಮ ವಂಶಕ್ಕೇ ನೀನೊಬ್ಬಳು ಕೀರ್ತಿ ತಂದೆ’ ಎಂಬ ಸಾಲನ್ನು ಅವನೂ ಓದುತ್ತಾನೆ. ಗುಂಪಿನಲ್ಲಿ ಹೋಲಿಕೆ ಮಾಡಬೇಡಿ, ಅವನ ಹೆಸರನ್ನು ಸಮಾಧಾನಕ್ಕೆಂದೂ ಎತ್ತಬೇಡಿ. ಬೇರೆಯಾಗಿ ಫೋನ್ ಮಾಡಿ. 2024ರಲ್ಲಿ ಪೂರಕ ಪರೀಕ್ಷೆಯ ಬದಲು ಪರೀಕ್ಷೆ-1, 2, 3 ಎಂಬ ಕ್ರಮ ಬಂತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ. ಹಾಗಾಗಿ ‘ಸಪ್ಲಿಮೆಂಟರಿ ಕಟ್ಟಿದೆಯಾ’ ಎಂದು ಕೇಳುವುದು ಬಿಟ್ಟು ‘ಪರೀಕ್ಷೆ-2 ಯಾವತ್ತಿಂದ?’ ಎಂದು ಕೇಳಿ. ಅವನು ಪಾಸಾದಾಗ ಅವನಿಗೂ ಇಷ್ಟೇ ಉದ್ದದ ಸಂದೇಶ, ಅದೇ ಗುಂಪಿನಲ್ಲಿ, ಹೋಗಲೇಬೇಕು.

ಕೆಲಸ ಸಿಕ್ಕಿದವರಿಗಾದರೆ

ಬರೆಯುವ ರೀತಿ ಅದೇ, ಸಮಯ ಮಾತ್ರ ಬೇರೆ. ಸರ್ಕಾರಿ ಕೆಲಸಕ್ಕೆ ತಾತ್ಕಾಲಿಕ ಆಯ್ಕೆ ಪಟ್ಟಿ ಬಂದ ಕೂಡಲೇ ಕೆಲಸ ಆಯಿತೆಂದಲ್ಲ. ಆಕ್ಷೇಪಣೆ, ಅಂತಿಮ ಪಟ್ಟಿ, ದಾಖಲೆ ಪರಿಶೀಲನೆ ಮುಗಿದು ನೇಮಕಾತಿ ಆದೇಶ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು, ನಡುವೆ ಪಟ್ಟಿ ಬದಲಾಗಲೂಬಹುದು. ತಾತ್ಕಾಲಿಕ ಪಟ್ಟಿಯಲ್ಲಿ ಹೆಸರಿದ್ದಾಗ ಅವನಿಗೊಬ್ಬನಿಗೇ ಒಂದು ಸಾಲು ಕಳಿಸಿ, ಗುಂಪಿನ ಸಂಭ್ರಮ ಆದೇಶ ಬಂದ ಮೇಲೆ. ಖಾಸಗಿ ಕಂಪನಿಯಾದರೆ ಅವನು ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಾನೆಯೇ ಎಂದು ಮೊದಲು ಕೇಳಿ. ನೋಟಿಸ್ ಕೊಡುವ ಮುಂಚೆಯೇ ನಿಮ್ಮ ಅಭಿನಂದನೆ ಸುತ್ತಿ ಬಳಸಿ ಅಲ್ಲಿನವರ ಕಿವಿಗೆ ಬೀಳುವುದುಂಟು. ಸಂಬಳ ಎಲ್ಲೂ ಬರೆಯಬೇಡಿ. ಟ್ರೈನಿ ಆಗಿ ಸೇರಿದವನಿಗೆ ‘ಪರ್ಮನೆಂಟ್ ಆಯ್ತಂತೆ’ ಎಂದೂ ಬರೆಯಬೇಡಿ, ಅವನು ಎಲ್ಲರಿಗೂ ತಿದ್ದಿ ಹೇಳಬೇಕಾಗುತ್ತದೆ.

ಐಟಿಐ ಮುಗಿಸಿದ ತಮ್ಮ ವಸಂತನರಸಾಪುರದ ಫ್ಯಾಕ್ಟರಿಗೆ ಸೇರಿ ಎರಡು ವಾರಕ್ಕೆ ಆಯುಧಪೂಜೆ ಬಂತೆನ್ನಿ. ಅವನಿಗೆ ಹೀಗೆ ಬರೆಯಬಹುದು:

‘ಅಪ್ಪಿ, ಅಭಿನಂದನೆ ಕಣೋ! ಎರಡು ವರ್ಷ ಬೆಳಗ್ಗೆ ಆರೂವರೆ ಬಸ್ಸು ಒಂದು ದಿನಾನೂ ತಪ್ಪಿಸದೇ ಹೋಗಿದ್ದೀಯ. ಇಷ್ಟು ವರ್ಷ ಆಯುಧಪೂಜೆಗೆ ಅಪ್ಪನ ಟಿಲ್ಲರ್ ತೊಳೀತಿದ್ದೆ, ಈ ಸಲ ನಿನ್ನ ಮಷೀನಿಗೆ ನೀನೇ ಹೂ ಹಾಕು. ಫೋಟೋ ತೆಗೆಯೋಕೆ ಒಳಗೆ ಬಿಡದಿದ್ರೆ ಗೇಟ್ ಹತ್ರ ನಿಂತಾದ್ರೂ ಒಂದು ತೆಗೆಸ್ಕೊಂಡು ಕಳಿಸು, ದೊಡ್ಡಮ್ಮ ಕಾಯ್ತಿದ್ದಾರೆ.’

ಇದನ್ನು ಹಬ್ಬದ ಹಿಂದಿನ ರಾತ್ರಿ ಕಳಿಸಿ. ಪೂಜೆಯ ಬೆಳಿಗ್ಗೆ ಅವನ ಎರಡೂ ಕೈಗೆ ಕೆಲಸವಿರುತ್ತದೆ.