ಮೇಲಿನ ಬ್ಲಾಕ್ ಜಾರೋದು ಯಾವಾಗ: ಲೆಕ್ಕ ಬಿಡಿಸಿ, ಟ್ರಾಲಿ ಎಳೆದು ನೋಡಿದ್ದು

ಒಂದರ ಮೇಲೊಂದು ಎರಡು ಬ್ಲಾಕ್. ಕೆಳಗೆ ನುಣುಪಾದ ಮೇಜು, ಅಂದರೆ ಅಲ್ಲಿ ಘರ್ಷಣೆ ಇಲ್ಲ. ಎರಡು ಬ್ಲಾಕುಗಳ ನಡುವೆ ಮಾತ್ರ ಘರ್ಷಣೆ ಇದೆ. ಮೇಲಿನದು ಜಾರದ ಹಾಗೆ ಕೆಳಗಿನದನ್ನು ಹೆಚ್ಚೆಂದರೆ ಎಷ್ಟು ಬಲದಿಂದ ತಳ್ಳಬಹುದು? ಮೊದಲ ಪಿಯುಸಿ ಓದಿದವರೆಲ್ಲ ಈ ಪ್ರಶ್ನೆ ನೋಡಿರುತ್ತೀರಿ. ನಾನು ಇದನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ, ಪ್ರತಿ ವರ್ಷವೂ ಅರ್ಧ ತರಗತಿ μmg ಅಂತ ಬರೆದು ಪೆನ್ನು ಕೆಳಗಿಡುತ್ತದೆ. ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರೆ ತಲೆ ಆಡಿಸುತ್ತಾರೆ, ಮುಂದಿನ ಟೆಸ್ಟಿನಲ್ಲಿ ಮತ್ತೆ ಅದೇ μmg. ಅದಕ್ಕೇ ಲ್ಯಾಬಿನ ಟ್ರಾಲಿ, ರಾಟೆ, ತೂಕದ ಬಟ್ಟು ತೆಗೆದುಕೊಂಡು ನಿಜವಾಗಿ ಜಾರಿಸಿಯೇ ತೋರಿಸೋಣ ಅಂತ ಹೊರಟೆ. ಹೇಗೆ ಮಾಡಿದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ನಾನು ಬಳಸಿದ ಅಳತೆಗಳನ್ನೇ ಇಟ್ಟುಕೊಳ್ಳೋಣ. ಕೆಳಗೆ 1 ಕೆಜಿಯ ಟ್ರಾಲಿ (M), ಮೇಲೆ ಅರ್ಧ ಕೆಜಿಯ ಮರದ ಬ್ಲಾಕ್ (m), ನಡುವಿನ ಸ್ಥಿರ ಘರ್ಷಣಾ ಗುಣಾಂಕ μ = 0.32. g ಯನ್ನು 10 ಅಂತ ಹಿಡಿಯುತ್ತೇನೆ.

ಕೆಳಗಿನದನ್ನು ಸದ್ಯಕ್ಕೆ ಮರೆತುಬಿಡಿ, ಮೇಲಿನ ಬ್ಲಾಕನ್ನು ಮಾತ್ರ ನೋಡಿ. ಅದನ್ನು ನೀವು ಮುಟ್ಟಿಲ್ಲ. ಆದರೂ ಅದು ಮುಂದಕ್ಕೆ ಹೋಗುತ್ತಿದೆ, ವೇಗವೂ ಹೆಚ್ಚುತ್ತಿದೆ. ಯಾರು ಎಳೆಯುತ್ತಿದ್ದಾರೆ ಅದನ್ನು? ಘರ್ಷಣೆ. ಅಡ್ಡ ದಿಕ್ಕಿನಲ್ಲಿ ಅದರ ಮೇಲೆ ಬೇರೆ ಯಾವ ಬಲವೂ ಇಲ್ಲ. ಹಾಗಾಗಿ ಫ್ರೀ ಬಾಡಿ ಡಯಾಗ್ರಾಮಿನಲ್ಲಿ ಮೇಲಿನ ಬ್ಲಾಕಿಗೆ ಘರ್ಷಣೆಯ ಬಾಣ ಮುಂದಕ್ಕೆ ಬರಬೇಕು. ಹುಡುಗರು ಇಲ್ಲೇ ಎಡವೋದು. ಘರ್ಷಣೆ ಅಂದರೆ ಚಲನೆಗೆ ಅಡ್ಡಿ ಅಂತ ಹೈಸ್ಕೂಲಿನಿಂದ ಕೇಳಿಕೊಂಡು ಬಂದಿರುತ್ತಾರೆ, ಬಾಣ ಹಿಂದಕ್ಕೆ ಹಾಕಿಬಿಡುತ್ತಾರೆ. ಘರ್ಷಣೆ ತಡೆಯೋದು ಒಂದು ಮೈ ಇನ್ನೊಂದರ ಮೇಲೆ ಜಾರೋದನ್ನ. ಬ್ಲಾಕು ಟ್ರಾಲಿಯಿಂದ ಹಿಂದೆ ಉಳಿಯಬಾರದು ಅಂದರೆ ಅದನ್ನು ಮುಂದಕ್ಕೇ ಎಳೆಯಬೇಕು, ಅಲ್ವಾ?

ಈ ಎಳೆತಕ್ಕೆ ಒಂದು ಮಿತಿ ಇದೆ: μmg, ಅಂದರೆ 0.32 × 0.5 × 10 = 1.6 ನ್ಯೂಟನ್. ಅರ್ಧ ಕೆಜಿಗೆ 1.6 ನ್ಯೂಟನ್ ಸಿಕ್ಕರೆ ವೇಗೋತ್ಕರ್ಷ 3.2 m/s². ಅದೇ μg. ಬ್ಲಾಕಿನ ದ್ರವ್ಯರಾಶಿ ಇಲ್ಲಿ ಹೊಡೆದುಹೋಯಿತು ನೋಡಿ. ಮೇಲಿನ ಬ್ಲಾಕು ಎಷ್ಟೇ ಭಾರ ಇರಲಿ, μg ಗಿಂತ ಜಾಸ್ತಿ ವೇಗೋತ್ಕರ್ಷ ಅದರ ಕೈಲಿ ಆಗೋದಿಲ್ಲ. ಇಡೀ ಪ್ರಶ್ನೆಯ ಬೀಗದ ಕೈ ಇದು. ಮೊದಲು ವೇಗೋತ್ಕರ್ಷದ ಮಿತಿ ಹುಡುಕಬೇಕು, ಬಲ ಆಮೇಲೆ.

ಜಾರುವ ಅಂಚಿನವರೆಗೂ ಎರಡೂ ಒಟ್ಟಿಗೇ ಹೋಗುತ್ತವೆ, ಆದ್ದರಿಂದ ಒಟ್ಟು ಒಂದೂವರೆ ಕೆಜಿಯನ್ನು 3.2 ರಲ್ಲಿ ಓಡಿಸಲು ಬೇಕಾದ ಬಲವೇ ಉತ್ತರ: F = μ(M+m)g = 4.8 ನ್ಯೂಟನ್. ಸರಿಯಾಗಿದೆಯಾ ಅಂತ ಟ್ರಾಲಿಯ ಕಡೆಯಿಂದ ನೋಡಿ. ಅದಕ್ಕೆ ಮುಂದಕ್ಕೆ 4.8, ಮೇಲಿನ ಬ್ಲಾಕು ಹಿಂದಕ್ಕೆ ಎಳೆಯೋದು 1.6, ಉಳಿದದ್ದು 3.2 ನ್ಯೂಟನ್. 1 ಕೆಜಿಗೆ 3.2 m/s². ತಾಳೆ ಆಯಿತು.

ಹಾಗಾದರೆ μmg ಬರೆದವರ 1.6 ನ್ಯೂಟನ್ ಹಾಕಿದರೆ ಏನಾಗುತ್ತದೆ? ವೇಗೋತ್ಕರ್ಷ 1.6 / 1.5, ಸುಮಾರು 1.07. ಮೇಲಿನ ಬ್ಲಾಕಿಗೆ ಬೇಕಾದ ಘರ್ಷಣೆ ಬರೀ 0.53 ನ್ಯೂಟನ್. ಮಿತಿಯ ಮೂರನೇ ಒಂದು ಭಾಗ ಅಷ್ಟೇ. ಜಾರುವ ಮಾತೇ ಇಲ್ಲ. ಸ್ಥಿರ ಘರ್ಷಣೆ ಯಾವಾಗಲೂ μmg ಇರೋದಿಲ್ಲ, ಎಷ್ಟು ಬೇಕೋ ಅಷ್ಟೇ ಇರುತ್ತದೆ. μmg ಅನ್ನೋದು ಅದರ ಗರಿಷ್ಠ ಮಟ್ಟ ಮಾತ್ರ.

ಇನ್ನು ಲ್ಯಾಬಿಗೆ. 0.32 ಎಲ್ಲಿಂದ ಬಂತು ಅಂದರೆ, ಟ್ರಾಲಿಯ ಮೇಲಿನ ಪ್ಲೈವುಡ್ ಹಲಗೆಯನ್ನೇ ಬಿಚ್ಚಿ, ಅದರ ಮೇಲೆ ಅದೇ ಬ್ಲಾಕನ್ನಿಟ್ಟು, ಒಂದು ತುದಿಯನ್ನು ನಿಧಾನವಾಗಿ ಎತ್ತಿದೆ. ಬ್ಲಾಕು ಜಾರಲು ಶುರುವಾದಾಗ ಹಲಗೆಯ ತುದಿ 16 ಸೆಂ.ಮೀ. ಎತ್ತರದಲ್ಲಿತ್ತು, ಮೇಜಿನ ಮೇಲೆ ಅಳೆದ ಅಡ್ಡ ದೂರ 50 ಸೆಂ.ಮೀ. ಭಾಗಿಸಿದರೆ 0.32. ದೂರವನ್ನು ಹಲಗೆಯ ಉದ್ದಕ್ಕೂ ಅಳೆಯಬೇಡಿ, ಮೇಜಿನ ಮೇಲೇ ಅಳೆಯಿರಿ. ಪುಸ್ತಕದ ಕೋಷ್ಟಕದಲ್ಲಿ ಮರಕ್ಕೆ ಮರ ಅಂತ ಕೊಟ್ಟಿರುವ ಸಂಖ್ಯೆ ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಬೆವರಿದ ಕೈಯಲ್ಲಿ ಮುಟ್ಟಿದ ಜಾಗಕ್ಕೂ ಒರೆಸಿದ ಜಾಗಕ್ಕೂ ವ್ಯತ್ಯಾಸ ಬರುತ್ತದೆ.

ಕೈಯಲ್ಲಿ ತಳ್ಳಿದರೆ ಬಲ ಎಷ್ಟು ಅಂತ ಗೊತ್ತಾಗೋದಿಲ್ಲ. ಅದಕ್ಕೆ ಟ್ರಾಲಿಗೆ ದಾರ ಕಟ್ಟಿ, ಮೇಜಿನ ಅಂಚಿನ ರಾಟೆಯ ಮೇಲಿಂದ ಬಟ್ಟು ನೇತುಹಾಕಿದೆ. ಈಗ ಒಂದು ಎಚ್ಚರ ಬೇಕು. 4.8 ನ್ಯೂಟನ್ ಬೇಕು ಅಂತ 480 ಗ್ರಾಂ ನೇತುಹಾಕಿದರೆ ಬ್ಲಾಕು ಅಲುಗುವುದಿಲ್ಲ, ಟ್ರಾಲಿಯ ಮೇಲೆ ಆರಾಮಾಗಿ ಕೂತು ಹೋಗುತ್ತದೆ. ಯಾಕೆಂದರೆ ನೇತಾಡುವ ಬಟ್ಟು ತಾನೂ ಕೆಳಗೆ ಓಡುತ್ತಿದೆ, ಅದರ ತೂಕದ ಒಂದು ಪಾಲು ಅದನ್ನೇ ಓಡಿಸಲು ಖರ್ಚಾಗುತ್ತದೆ. ದಾರಕ್ಕೆ ಸಿಗೋದು ಉಳಿದದ್ದು ಮಾತ್ರ. ಅಂಚಿನಲ್ಲಿ ವೇಗೋತ್ಕರ್ಷ μg ಅಂತ ಇಟ್ಟು ಬಿಡಿಸಿದರೆ, ನೇತುಹಾಕಬೇಕಾದ್ದು (M+m)μ/(1−μ). ನನ್ನ ಅಳತೆಗೆ 1.5 × 0.32 / 0.68, ಸುಮಾರು 706 ಗ್ರಾಂ. ಇದರಲ್ಲಿ g ಯೇ ಇಲ್ಲ, ಚಂದ್ರನ ಮೇಲೂ ಇಷ್ಟೇ ಬಟ್ಟು ಬೇಕು!

ಜಾರಿತೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿ ಹೇಳೋದು ಕಷ್ಟ. ಬ್ಲಾಕು ಮತ್ತು ಟ್ರಾಲಿ ಎರಡರ ಪಕ್ಕಕ್ಕೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದೆ. ಗೆರೆ ಮುರಿದರೆ ಜಾರಿದೆ ಅಂತ ಅರ್ಥ. ಆದರೆ ಟ್ರಾಲಿ ಕೊನೆಯಲ್ಲಿ ತಡೆಗೆ ಬಡಿದಾಗಲೂ ಬ್ಲಾಕು ಜಾರುತ್ತದೆ, ಆಗ ಮುಂದಕ್ಕೆ. ಓಡುವಾಗ ಜಾರಿದ್ದಾದರೆ ಹಿಂದಕ್ಕೆ. ಒಂದನ್ನೊಂದು ಅಳಿಸಿಹಾಕಿ ಗೆರೆ ಮತ್ತೆ ಕೂಡಿಕೊಂಡ ಹಾಗೆ ಕಾಣಲೂಬಹುದು. ಅದಕ್ಕೆ ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ತೆಗೆದು ನೋಡೋದೇ ಒಳ್ಳೆಯದು. ಮೇಜಿನ ಉದ್ದಕ್ಕೂ ಒಂದು ಅಳತೆಪಟ್ಟಿ ಅಂಟಿಸಿದ್ದರೆ ಇನ್ನೊಂದು ಚಂದ ಕಾಣುತ್ತದೆ: ಜಾರುವಾಗಲೂ ಬ್ಲಾಕು ಮೇಜಿನ ಲೆಕ್ಕದಲ್ಲಿ ಮುಂದಕ್ಕೇ ಹೋಗುತ್ತಿರುತ್ತದೆ, ಟ್ರಾಲಿ ಅದಕ್ಕಿಂತ ಬೇಗ ಹೋಗುತ್ತದೆ ಅಷ್ಟೇ. ಹಿಂದಕ್ಕೆ ಜಾರಿತು ಅಂತ ನಾವು ಹೇಳೋದು ಟ್ರಾಲಿಯ ಲೆಕ್ಕದಲ್ಲಿ.

ಬಿಡುವ ಮುಂಚೆ ದಾರ ಬಿಗಿಯಾಗಿರಲೇಬೇಕು. ಸಡಿಲ ಇದ್ದರೆ ಬಟ್ಟು ಒಂದಿಷ್ಟು ಬಿದ್ದು ಆಮೇಲೆ ಜಗ್ಗುತ್ತದೆ. ಆ ಒಂದು ಕ್ಷಣದ ಎಳೆತಕ್ಕೆ ಬ್ಲಾಕು ಜಾರಿಬಿಡುತ್ತದೆ. ಒಮ್ಮೆ ಜಾರಲು ಶುರುವಾದರೆ ಚಲನ ಘರ್ಷಣೆ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ಮತ್ತೆ ಹಿಡಿದುಕೊಳ್ಳೋದು ಕಷ್ಟ.

700 ಗ್ರಾಂವರೆಗೆ ಎರಡೂ ಒಟ್ಟಿಗೆ ಹೋದವು. 750ಕ್ಕೆ ಪ್ರತಿ ಸಲ ಜಾರಿತು. ನಡುವೆ ಒಮ್ಮೆ ಹೀಗೆ, ಒಮ್ಮೆ ಹಾಗೆ. 706ಕ್ಕಿಂತ ಸ್ವಲ್ಪ ಮೇಲೆ ಬಂತು, ಅದಕ್ಕೂ ಕಾರಣ ಇದೆ. ಟ್ರಾಲಿ ಅನ್ನೋದು ನಿಜವಾದ ನುಣುಪು ಮೇಜಲ್ಲ, ಚಕ್ರದಲ್ಲಿ ಅಷ್ಟಿಷ್ಟು ತಡೆ ಇದ್ದೇ ಇರುತ್ತದೆ. ಅಳೆಯೋದು ಸುಲಭ: ಬ್ಲಾಕನ್ನು ಹೊತ್ತ ಟ್ರಾಲಿ, ಮೆಲ್ಲಗೆ ತಟ್ಟಿದರೆ ಒಂದೇ ವೇಗದಲ್ಲಿ ಉರುಳುತ್ತಾ ಹೋಗುವಷ್ಟು ಸಣ್ಣ ಬಟ್ಟು ಹಾಕಿ ನೋಡಿ. ನನ್ನದಕ್ಕೆ 20 ಗ್ರಾಂ, ಅಂದರೆ 0.2 ನ್ಯೂಟನ್. ಅದನ್ನೂ ಸೇರಿಸಿದರೆ ದಾರದಲ್ಲಿ 5 ನ್ಯೂಟನ್ ಬೇಕು, ನೇತುಹಾಕಬೇಕಾದ್ದು ಸುಮಾರು 735 ಗ್ರಾಂ ಆಗುತ್ತದೆ.

ಆಮೇಲೆ ದಾರವನ್ನು ಮೇಲಿನ ಬ್ಲಾಕಿಗೆ ಕಟ್ಟಿದೆ, ರಾಟೆಯನ್ನೂ ಅಷ್ಟೇ ಎತ್ತರಿಸಿ. ನನಗೆ ಹೆಚ್ಚು ಇಷ್ಟವಾದ ಭಾಗ ಇದು. ಈಗ ಘರ್ಷಣೆಯನ್ನೇ ನಂಬಿಕೊಂಡು ಓಡುವುದು ಟ್ರಾಲಿ. ಅದಕ್ಕೂ ಸಿಗೋದು ಅದೇ 1.6 ನ್ಯೂಟನ್, ಆದರೆ ಅದು 1 ಕೆಜಿ. ವೇಗೋತ್ಕರ್ಷದ ಮಿತಿ 1.6 m/s² ಗೆ ಇಳಿಯಿತು, ಬಲದ ಮಿತಿ 2.4 ನ್ಯೂಟನ್. ಸೂತ್ರ μmg(M+m)/M. ಕೆಳಗೆ ಎಳೆದಾಗಿನ ಮಿತಿಯನ್ನು m/M ನಿಂದ ಗುಣಿಸಿದರೆ ಇದೇ ಬರುತ್ತದೆ. ಹಾಗಾಗಿ ಮೇಲಿನದು ಹಗುರ ಇದ್ದರೆ ಕೆಳಗಿನದನ್ನು ತಳ್ಳೋದು ಲಾಭ, ಮೇಲಿನದು ಭಾರ ಇದ್ದರೆ ಮೇಲಿನದನ್ನು ತಳ್ಳೋದು.

ಬಟ್ಟಿನ ಲೆಕ್ಕದಲ್ಲಿ ಇದು ಸುಮಾರು 286 ಗ್ರಾಂ. ಆದರೆ 260ಕ್ಕೆ ಒಟ್ಟಿಗೆ ಹೋದದ್ದು 280ಕ್ಕೇ ಜಾರಿತು, ಲೆಕ್ಕಕ್ಕಿಂತ ಕೆಳಗೆ. ಚಕ್ರದ ತಡೆ ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಟ್ರಾಲಿಗೆ ಸಿಕ್ಕ 1.6 ರಲ್ಲಿ 0.2 ಚಕ್ರಕ್ಕೇ ಹೋಯಿತು, ಉಳಿದದ್ದು 1.4. ಹೊಸ ಲೆಕ್ಕಕ್ಕೆ 267 ಗ್ರಾಂ ಬರುತ್ತದೆ. ಅದೇ ತಡೆ ಮೊದಲ ಸಲ ಮಿತಿಯನ್ನು ಏರಿಸಿತು, ಈ ಸಲ ಇಳಿಸಿತು. ಮೇಜು ನುಣುಪು ಅಂತ ಪ್ರಶ್ನೆಯಲ್ಲಿ ಸುಮ್ನೆ ಬರೆದಿರೋದಿಲ್ಲ.

ನೀವೂ ಮಾಡೋದಾದರೆ ಬ್ಲಾಕನ್ನು ನಿಲ್ಲಿಸಬೇಡಿ, ಮಲಗಿಸಿ. ಕೆಳಗಿನದನ್ನು ಎಳೆಯುವಾಗ, ಓಡುವ ದಿಕ್ಕಿನಲ್ಲಿ ಬ್ಲಾಕಿನ ಅಗಲವನ್ನು ಎತ್ತರದಿಂದ ಭಾಗಿಸಿದ್ದು μ ಗಿಂತ ಕಡಿಮೆ ಇದ್ದರೆ ಅದು ಜಾರುವ ಮುಂಚೆಯೇ ಮಗುಚಿಕೊಳ್ಳುತ್ತದೆ. 20 ಸೆಂ.ಮೀ. ಎತ್ತರ, 5 ಸೆಂ.ಮೀ. ಅಗಲ ಅಂದರೆ 0.25, ನನ್ನ ಹಲಗೆಯ ಮೇಲೆ ಬೀಳುವುದು ಖಾತ್ರಿ. ಮಲಗಿಸಿದರೆ ತಾಗುವ ಜಾಗ ಜಾಸ್ತಿಯಾಗಿ ಘರ್ಷಣೆ ಹೆಚ್ಚುತ್ತದಲ್ಲ ಅಂತ ಕೇಳುವವರಿರುತ್ತಾರೆ. ಮರಕ್ಕೆ ಮರ ಇರುವಾಗ ಹೆಚ್ಚೋದಿಲ್ಲ, ಅದನ್ನು ಫ್ರೆಂಚ್ ವಿಜ್ಞಾನಿ ಅಮೊಂಟೋನ್ 1699ರಲ್ಲೇ ಹೇಳಿದ್ದಾನೆ.

ಕೊನೆಗೆ ಒಬ್ಬ ಹುಡುಗ ಹಲಗೆಯ ಮೇಲೆ ರಬ್ಬರ್ ಶೀಟು ಹಾಕಿ ನೋಡೋಣ ಸಾರ್ ಅಂದ. ಓರೆ ಮಾಡಿದರೆ 45 ಡಿಗ್ರಿ ದಾಟಿದರೂ ಬ್ಲಾಕು ಜಾರಲಿಲ್ಲ, ಅಂದರೆ μ ಒಂದಕ್ಕಿಂತ ಜಾಸ್ತಿ. ದಾರವನ್ನು ಟ್ರಾಲಿಗೆ ಕಟ್ಟಿದಾಗಿನ ಸೂತ್ರದ ಕೆಳಗಿನ 1−μ ಈಗ ಋಣಾತ್ಮಕ. ಹಾಗಾದರೆ ಎಷ್ಟು ಬಟ್ಟು ಹಾಕಬೇಕು ಸಾರ್? ಎಷ್ಟು ಹಾಕಿದರೂ ಜಾರೋದಿಲ್ಲ. ನೇತುಬಿದ್ದ ಬಟ್ಟು ಎಷ್ಟೇ ಭಾರ ಇದ್ದರೂ g ಗಿಂತ ಹೆಚ್ಚಿನ ವೇಗೋತ್ಕರ್ಷ ಕೊಡಲಾರದು, ಈ ಬ್ಲಾಕಿಗೋ g ಯನ್ನೂ ತಡೆದುಕೊಳ್ಳುವ ಹಿಡಿತ ಇದೆ. ರಬ್ಬರಿನ ಮೇಲೆ ಅದನ್ನು ಜಾರಿಸಬೇಕಾದರೆ ರಾಟೆ ಬಿಟ್ಟು ಕೈಯಲ್ಲೇ ಜಗ್ಗಬೇಕು, ಅದೂ ಅಗಲವಾದ ಚಪ್ಪಟೆ ಬ್ಲಾಕಾಗಿದ್ದರೆ. ಇಲ್ಲದಿದ್ದರೆ ಮಗುಚುತ್ತದೆ.