ಮುದಿ ಬೆಕ್ಕು "ತಿನ್ನುತ್ತಿದೆಯಲ್ಲ" ಅಂದರೆ ಸಾಕಾ?

ನಮ್ಮ ಬೆಳ್ಳಿಗೆ 18 ವರ್ಷ. ಕಿಡ್ನಿ ಕಾಯಿಲೆ, ಜೊತೆಗೆ ಸಂಧಿವಾತ. "ಇನ್ನೂ ತಿನ್ನುತ್ತಿದೆಯಲ್ಲ, ಬಿಡು" ಅನ್ನೋದು ಮನೆಯವರ ಸಮಾಧಾನ. ಆದರೆ ಅವಳು ತಿನ್ನುತ್ತಿದ್ದದ್ದು ಹಸಿವು ಹೆಚ್ಚಿಸುವ ಮಿರ್ಟಜಪೀನ್ ಮಾತ್ರೆಯಿಂದ.

ಕಾಯಿಲೆಯ ಪ್ರಾಣಿ ಎಷ್ಟು ನೆಮ್ಮದಿಯಾಗಿ ಬದುಕುತ್ತಿದೆ ಅಂತ ಅಳೆಯಲು ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಮಾಡಿದ ಅಳತೆಪಟ್ಟಿಯನ್ನು ನಮ್ಮ ಡಾಕ್ಟರು ಕೊಟ್ಟರು. ಏಳು ವಿಷಯ, ಒಂದೊಂದಕ್ಕೂ 10 ಅಂಕ, ಒಟ್ಟು 35 ದಾಟಿದರೆ ಪರವಾಗಿಲ್ಲ. ನಾನು ಹಾಕಿದ್ದು ಹೀಗೆ: ನೋವಿಲ್ಲದಿರುವುದು 5, ಹಸಿವು 7, ನೀರಿನಂಶ 7, ಸ್ವಚ್ಛತೆ 6, ಖುಷಿ 3, ಓಡಾಟ 4, ಒಳ್ಳೆಯ ದಿನಗಳು 5. ಒಟ್ಟು 37. ಅಂದರೆ ಪಾಸು!

ಆದರೆ ಜಾಸ್ತಿ ಅಂಕ ಬಂದಿದ್ದು ಯಾವುದಕ್ಕೆ ನೋಡಿ. ಹಸಿವು ಮಾತ್ರೆಯದ್ದು. ನೀರಿನಂಶ ನಾನು ಚರ್ಮದ ಅಡಿಗೆ ಹಾಕುತ್ತಿದ್ದ ಫ್ಲೂಯಿಡ್‌ನದ್ದು. ಸ್ವಚ್ಛತೆ ನನ್ನ ಬಾಚಣಿಗೆಯದ್ದು. ಅವಳದ್ದೇ ಅನ್ನಬಹುದಾದ ಖುಷಿಗೆ 3. ಚಿಕಿತ್ಸೆ ತಪ್ಪು ಅಂತಲ್ಲ, ಅದರಿಂದ ಅವಳಿಗೆ ಆರಾಮವೂ ಸಿಗುತ್ತಿತ್ತು. ಮೊತ್ತ ಮಾತ್ರ ಇದನ್ನು ಮುಚ್ಚಿಡುತ್ತದೆ.

ಹಾಗಾಗಿ ಅವಳು ತಾನಾಗಿಯೇ ಮಾಡುತ್ತಿದ್ದ ನಾಲ್ಕು ಕೆಲಸ ಬರೆದುಕೊಂಡೆ: ಕಿಟಕಿ ಹತ್ತುವುದು, ಬಾಗಿಲಿಗೆ ಬರುವುದು, ಊಟವಾದ ಮೇಲೆ ಮುಖ ಒರೆಸಿಕೊಳ್ಳುವುದು, ಮಡಿಲಲ್ಲಿ ಮಲಗುವುದು. ಮಾಡಿದ ದಿನ ಕ್ಯಾಲೆಂಡರಿನಲ್ಲಿ ಗುರುತು. ಮೊದಲು ನಿಂತಿದ್ದು ಕಿಟಕಿ. ಕೀಲುನೋವಿಗೇ ಇರಬೇಕು ಅಂತ ಕೆಳಗೆ ಮೆಟ್ಟಿಲಿನಂತೆ ಪೆಟ್ಟಿಗೆ ಇಟ್ಟೆ. ಮತ್ತೆ ಹತ್ತಿದಳು. ಅಂದರೆ ಆಸೆ ಹೋಗಿರಲಿಲ್ಲ. ಆಮೇಲೆ ಪೆಟ್ಟಿಗೆ ಇದ್ದರೂ ಹತ್ತಲಿಲ್ಲ. ಮುಖ ಒರೆಸಿಕೊಳ್ಳುವುದೂ ನಿಂತಿತು. ಮಂಚದ ಕೆಳಗೆ ಬೆನ್ನು ಗೂನಾಗಿಸಿ, ತಲೆ ತಗ್ಗಿಸಿ ಕೂರುತ್ತಿದ್ದಳು. ಮುಟ್ಟಿದರೆ ಗುರುಗುರು ಅನ್ನುತ್ತಿದ್ದಳು ನಿಜ, ಆದರೆ ಬೆಕ್ಕುಗಳು ನೋವಿನಲ್ಲೂ ಗುರುಗುಟ್ಟುತ್ತವೆ.

ಇನ್ನು ಸಾಕು ಅನ್ನುವ ಗೆರೆ ಎಲ್ಲಿ ಎಂದು ಡಾಕ್ಟರ ಜೊತೆ ಮೊದಲೇ ಮಾತಾಡಿಕೊಂಡಿದ್ದೆ, ಅವಳು ಸುಮಾರಾಗಿದ್ದಾಗಲೇ. ನಾಲ್ಕರಲ್ಲಿ ಮೂರು ನಿಂತು ಒಂದು ವಾರವಾದರೆ ಫೋನ್ ಮಾಡುವುದು. ಬಾಯಿ ತೆರೆದು ಉಸಿರಾಡಿದರೆ, ಅಥವಾ ಹಿಂಗಾಲು ಇದ್ದಕ್ಕಿದ್ದಂತೆ ಸೋತರೆ, ಕಾಯದೆ ತಕ್ಷಣ ಹೋಗುವುದು. "ನಿದ್ದೆಯಲ್ಲೇ ಹೋಗಲಿ" ಅಂತ ನಮ್ಮಮ್ಮನ ಆಸೆ. ಆದರೆ ಕಿಡ್ನಿ ಪೂರ್ತಿ ಕೈಕೊಟ್ಟರೆ ವಾಕರಿಕೆ, ಬಾಯಿಹುಣ್ಣು, ಕೆಲವೊಮ್ಮೆ ಫಿಟ್ಸ್ ಬರುತ್ತವೆ ಅಂದರು ಡಾಕ್ಟರು. ಅದನ್ನು ಕೇಳಿ ಅಮ್ಮ ಸುಮ್ಮನಾದರು.

ಮೂರನೆಯದಾಗಿ ಬಾಗಿಲಿಗೆ ಬರುವುದೂ ನಿಂತಿತು. ವಾರ ಕಳೆದ ಮೇಲೆ ಫೋನ್ ಮಾಡಿದೆ. ಅವಳನ್ನು ನೋವಿಲ್ಲದೆ ಶಾಶ್ವತವಾಗಿ ಮಲಗಿಸುವ ವಿಧಾನವನ್ನು ಮೊದಲೇ ಕೇಳಿಕೊಂಡಿದ್ದರಿಂದ ಗಾಬರಿಯಾಗಲಿಲ್ಲ. ಮೊದಲು ಮಂಪರಿನ ಇಂಜೆಕ್ಷನ್, ಅವಳು ಪೂರ್ತಿ ಮಂಪರಿಗೆ ಜಾರಿದ ಮೇಲೆ ಜಾಸ್ತಿ ಪ್ರಮಾಣದ ಅರಿವಳಿಕೆ ಔಷಧಿ. ನೀರಿನಂಶ ಕಡಿಮೆಯಾದ ಮುದಿ ಬೆಕ್ಕಿಗೆ ರಕ್ತನಾಳ ಸಿಗುವುದು ಕಷ್ಟ, ಹಾಗಾಗಿ ತುಸು ಹೊತ್ತು ಹಿಡಿಯಬಹುದು. ಕಣ್ಣು ಮುಚ್ಚುವುದಿಲ್ಲ. ಎದೆಬಡಿತ ನಿಂತ ಮೇಲೂ ಒಂದೆರಡು ಉಸಿರಿನಂಥ ಎಳೆತ ಬರಬಹುದು, ಮೂತ್ರವೂ ಹೋಗಬಹುದು. ಅದಕ್ಕೇ ಅಡಿಗೆ ದಪ್ಪ ಟವೆಲ್ ಹಾಸಿದ್ದೆ.