ಬೆಟ್ಟ ಹತ್ತುವ ಕಾಲು ಎಡವಿದಾಗ ಯಾಕೆ ತಡವಾಯಿತು?

ನಾನು ಗಂಗಾವತಿಯಲ್ಲಿ ಮೂವತ್ತು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ವಯಸ್ಸು 63. ತಿಂಗಳಿಗೆ ಎರಡು ಸಲವಾದರೂ ಅಂಜನಾದ್ರಿ ಹತ್ತುತ್ತೇನೆ. 575 ಮೆಟ್ಟಿಲು. ಹಾಗಾಗಿ ನನ್ನ ಕಾಲುಗಳ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಮನೆ ಮುಂದೆ ನೀರಿನ ಪೈಪಿಗೆ ಬಲಗಾಲು ತಗುಲಿತು. ಎಡಗಾಲು ಥಟ್ಟನೆ ಮುಂದೆ ಬಂದು ನೆಲ ಹಿಡಿಯಬೇಕಿತ್ತು. ಬಂತು, ಆದರೆ ತಡವಾಗಿ ಬಂತು. ನೆಲ ಮುಟ್ಟಿದ ಮೇಲೂ ಮೊಣಕಾಲು ಮೈಭಾರ ತಡೆಯದೆ ಮಡಚಿಕೊಂಡಿತು. ಅಂಗೈ ತರಚಿತು, ಬೇರೆ ಪೆಟ್ಟಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕೇಳಿದಳು: "ಬೀಳೋದು ಗೊತ್ತಾಗ್ತಿತ್ತಲ್ರೀ, ಕಾಲು ಯಾಕ ಮುಂದ ಇಡ್ಲಿಲ್ಲ?"

ಸರಿಯಾದ ಪ್ರಶ್ನೆ. ಎಡವಿದಾಗ ಸಿಗುವ ಸಮಯ ಒಂದು ಸೆಕೆಂಡಿಗಿಂತ ಕಡಿಮೆ. ಆಗ ಬೇಕಾಗುವುದು ಬೆಟ್ಟ ಹತ್ತಿಸುವ ಶಕ್ತಿಯಲ್ಲ, ಅಷ್ಟರೊಳಗೆ ಹೊರಡುವ ಶಕ್ತಿ. ಆ ಎರಡೂ ಬೇರೆ ಬೇರೆ.

ನಮ್ಮ ಸ್ನಾಯುವಿನಲ್ಲಿ ನಿಧಾನದ ಎಳೆಗಳಿವೆ, ವೇಗದ ಎಳೆಗಳಿವೆ. ಬೆನ್ನುಹುರಿಯಿಂದ ಬರುವ ಒಂದೊಂದು ಮೋಟರ್ ನ್ಯೂರಾನ್ ತನ್ನದೇ ಒಂದು ಗುಂಪು ಎಳೆಗಳನ್ನು ನಡೆಸುತ್ತದೆ. ನಮ್ಮ ಕಡೆಯವರಿಗೆ ಇದನ್ನು ಕಾಲುವೆ ಇಟ್ಟುಕೊಂಡೇ ಹೇಳುತ್ತೇನೆ. ನ್ಯೂರಾನ್ ಅಂದರೆ ತೂಬು, ಎಳೆಗಳು ಅದರ ಕೆಳಗಿನ ಗದ್ದೆಗಳು. ದೊಡ್ಡ ತೂಬಿನ ಕೆಳಗೆ ವೇಗದ ಎಳೆಗಳು, ಸಣ್ಣ ತೂಬಿನ ಕೆಳಗೆ ನಿಧಾನದವು. ವಯಸ್ಸಾದಂತೆ ಕೆಲವು ತೂಬುಗಳು ಮುಚ್ಚಿಹೋಗುತ್ತವೆ, ಅದರಲ್ಲೂ ದೊಡ್ಡವು ಜಾಸ್ತಿ. ಆಗ ಪಕ್ಕದ ಸಣ್ಣ ತೂಬು ತನ್ನ ನೀರನ್ನೇ ಆ ಗದ್ದೆಗಳಿಗೂ ಹಾಯಿಸುತ್ತದೆ. ಗದ್ದೆ ಉಳಿಯುತ್ತದೆ, ಆದರೆ ಅಷ್ಟು ನೀರಿಗೆ ಭತ್ತ ಬರುವುದಿಲ್ಲ, ಜೋಳ ಬರುತ್ತದೆ. ಅಂದರೆ ವೇಗದ ಎಳೆ ನಿಧಾನದ ಎಳೆಯಾಗಿ ಬದಲಾಗುತ್ತದೆ. ಯಾರ ನೀರೂ ತಲುಪದ ಎಳೆ ಸೊರಗಿ ಹೋಗುತ್ತದೆ. ಉಳಿದ ವೇಗದ ಎಳೆಗಳೂ ತೆಳ್ಳಗಾಗುತ್ತವೆ. ಸ್ವೀಡನ್ನಿನಲ್ಲಿ ತೀರಿಕೊಂಡ ಗಂಡಸರ ಇಡೀ ತೊಡೆ ಸ್ನಾಯುವನ್ನು ಅಡ್ಡ ಕತ್ತರಿಸಿ ಎಳೆ ಎಣಿಸಿದ ಕೆಲಸ 1988ರಲ್ಲಿ ಪ್ರಕಟವಾಯಿತು. ಇಪ್ಪತ್ತರಿಂದ ಎಂಬತ್ತರ ಹೊತ್ತಿಗೆ ಸ್ನಾಯುವಿನ ಗಾತ್ರ ಸುಮಾರು ಶೇ 40ರಷ್ಟು ಇಳಿದಿತ್ತು. ಅದಕ್ಕೆ ಮುಖ್ಯ ಕಾರಣ ಎಳೆಗಳ ಸಂಖ್ಯೆಯೇ ಕಡಿಮೆಯಾಗಿದ್ದು.

ಹಾಗಾದರೆ ಬೆಟ್ಟ ಹತ್ತಿದ್ದು ಉಪಯೋಗಕ್ಕೆ ಬರಲಿಲ್ಲವಾ? ಹೃದಯಕ್ಕೆ, ಉಸಿರಿಗೆ ಬಂತು. ಆದರೆ ದೇಹ ತೂಬು ತೆರೆಯುವುದಕ್ಕೆ ಒಂದು ಕ್ರಮ ಇದೆ. ಮೊದಲು ಸಣ್ಣವು, ಅವು ಸಾಲದಾದಾಗ ಮಾತ್ರ ದೊಡ್ಡವು. ನಾನು ನಿಂತು ನಿಂತು, ನಿಧಾನವಾಗಿ ಹತ್ತುವವನು. ಆ ಕೆಲಸಕ್ಕೆ ಬಹುಪಾಲು ಸಣ್ಣವೇ ಸಾಕು. ದೊಡ್ಡವನ್ನು ಕರೆಯುವ ಮುಖ್ಯ ದಾರಿ ಎರಡು: ಭಾರ ಜಾಸ್ತಿ ಇರಬೇಕು, ಇಲ್ಲವೇ ಜೋರಾಗಿ, ವೇಗವಾಗಿ ತಳ್ಳಬೇಕು.

ಮೊದಲು ಅಳತೆ ತೆಗೆದುಕೊಂಡೆ. ಮೊಣಕಾಲಿನ ಎತ್ತರದ ಕುರ್ಚಿ, ಕೈ ಎದೆಗೆ ಕಟ್ಟಿಕೊಂಡು, ಐದು ಸಲ ಆದಷ್ಟು ಬೇಗ ಎದ್ದು ಕೂರುವುದು. ಏಷ್ಯಾದವರಿಗೆ 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಗಮನ ಕೊಡಬೇಕು ಅನ್ನುವುದು ನಾವು ಬಳಸುವ ಗೆರೆ. ನನಗೆ 13.8 ಸೆಕೆಂಡು ಹಿಡಿಯಿತು. ಇದೇ ಪರೀಕ್ಷೆಯನ್ನು ನೂರಾರು ಜನರಿಗೆ ಮಾಡಿಸಿದ್ದೇನೆ, ನನಗೆ ನಾನೇ ಮಾಡಿಕೊಂಡದ್ದು ಅವತ್ತೇ ಮೊದಲು.

ಬಿಪಿ ನೋಡಿಸಿಕೊಂಡು ಶುರು ಮಾಡಿದೆ. ಸೋಮವಾರ ಮತ್ತು ಗುರುವಾರ, ವಾರಕ್ಕೆ ಎರಡೇ ದಿನ. ಇದು ಅಕ್ಕಿ ಗಿರಣಿಗಳ ಊರು, ತೂಕಕ್ಕೇನು ಬರ? ಐದು ಕಿಲೋ ಅಕ್ಕಿ ಪ್ಯಾಕೆಟನ್ನು ಮೊಮ್ಮಗನ ಹಳೇ ಶಾಲೆ ಬ್ಯಾಗಿಗೆ ಹಾಕಿ ಎದೆಗೆ ಅವುಚಿಕೊಂಡೆ. ಕುರ್ಚಿಗೆ ಮೂರು ಎಣಿಸುತ್ತಾ ನಿಧಾನವಾಗಿ ಕೂರುವುದು, ಏಳುವಾಗ ಮಾತ್ರ ಸಾಧ್ಯವಾದಷ್ಟು ಜೋರಾಗಿ ಏಳುವುದು. ಏಳುತ್ತಾ ಉಸಿರು ಬಿಡಬೇಕು, ಹಿಡಿದಿಟ್ಟರೆ ಬಿಪಿ ಏರುತ್ತದೆ. ಎಂಟು ಸಲ ಆದ ಮೇಲೆ ಎರಡು ಮೂರು ನಿಮಿಷ ವಿಶ್ರಾಂತಿ, ಹೀಗೆ ಮೂರು ಸುತ್ತು. ಆಮೇಲೆ ಮೆಟ್ಟಿಲ ಅಂಚಲ್ಲಿ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಅಷ್ಟೇ.

ಭಾರ ಸಾಕಾಯಿತಾ ಅಂತ ತಿಳಿಯುವುದೇ ಇದರಲ್ಲಿ ಮುಖ್ಯ. ನಾನು ನೋಡುತ್ತಿದ್ದ ಗುರುತು ಒಂದು. ಕೊನೆಯ ಎರಡು ಸಲ ನಾನು ಅಷ್ಟೇ ಜೋರು ಹಾಕಿದರೂ ದೇಹ ತಾನಾಗಿ ನಿಧಾನವಾಗಿ ಏಳಬೇಕು. ಆ ಹಂತಕ್ಕೆ ಬಂದಾಗ ದೊಡ್ಡ ತೂಬುಗಳು ತೆರೆದಿವೆ ಎಂದರ್ಥ. ಎಂಟೂ ಸಲ ಒಂದೇ ವೇಗದಲ್ಲಿ, ಮಾತಾಡುತ್ತಾ ಎದ್ದರೆ ಭಾರ ಸಾಲದು. ಹಾಗಂತ ಪೂರಾ ಕೈಲಾಗದವರೆಗೂ ಹೋಗಬೇಕಿಲ್ಲ. ಇನ್ನೆರಡು ಸಲ ಏಳಬಹುದು ಅನ್ನುವಾಗಲೇ ನಿಲ್ಲಿಸುತ್ತಿದ್ದೆ. ವಯಸ್ಸಾದವರಿಗೆ ಅರ್ಧ ಕಿಲೋ ಡಂಬೆಲ್ ಕೊಟ್ಟು ಮೂವತ್ತು ಸಲ ಎತ್ತಿಸುವುದನ್ನು ನಾನು ಒಪ್ಪುವುದಿಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧಾಶ್ರಮದ, ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಕಾಲಿನ ತರಬೇತಿ ಕೊಟ್ಟರು. ಅವರು ಒಂದೇ ಸಲ ಎತ್ತಬಲ್ಲ ಭಾರದ ಶೇ 80ರವರೆಗೆ ಹೋದರು. ಎಂಟು ವಾರದಲ್ಲಿ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಜಾಸ್ತಿಯಾಯಿತು.

ಮೂರನೇ ವಾರಕ್ಕೇ 12.1 ಸೆಕೆಂಡಿಗೆ ಇಳಿದೆ. ಟೇಪು ಹಿಡಿದರೆ ತೊಡೆ ಒಂದು ನೂಲೂ ಹೆಚ್ಚಿರಲಿಲ್ಲ. ಅದು ಸಹಜ. ಮೊದಲ ವಾರಗಳ ಲಾಭ ಬಹುಪಾಲು ನರಗಳದ್ದು. ಇರುವ ನ್ಯೂರಾನುಗಳೇ ಹೆಚ್ಚು ಬೇಗ, ಹೆಚ್ಚು ಒತ್ತಾಗಿ ಸಂಕೇತ ಕಳಿಸುವುದನ್ನು ಕಲಿಯುತ್ತವೆ. ಎಳೆ ದಪ್ಪವಾಗುವುದು ಆಮೇಲೆ. ನನಗೆ ಟೇಪಿನಲ್ಲಿ ವ್ಯತ್ಯಾಸ ಕಂಡದ್ದು ಮೂರನೇ ತಿಂಗಳಲ್ಲಿ.

ನಡುವೆ ಒಂದು ತಪ್ಪು ಮಾಡಿದೆ. ಐದನೇ ವಾರ ಒಂದೇ ಸಲಕ್ಕೆ ಹತ್ತರಿಂದ ಹದಿನೈದು ಕಿಲೋಗೆ ಹಾರಿದೆ, ಜೊತೆಗೆ ಕುರ್ಚಿ ಬಿಟ್ಟು ತಗ್ಗಿನ ಸ್ಟೂಲಿಗೆ ಹೋದೆ. ಎರಡನೇ ದಿನ ಮೊಣಚಿಪ್ಪಿನ ಕೆಳಗೆ ನೋವು ಬಂತು, ಮೆಟ್ಟಿಲು ಇಳಿಯುವಾಗ ಚುಚ್ಚುತ್ತಿತ್ತು. ತೊಡೆಯ ಮಾಂಸ ಎರಡು ದಿನ ನೊಂದರೆ ಪರವಾಗಿಲ್ಲ. ಕೀಲಿನಲ್ಲೇ ಚುಚ್ಚಿದರೆ, ಮಾರನೇ ದಿನವೂ ಕಡಿಮೆಯಾಗದಿದ್ದರೆ, ಹಿಂದಕ್ಕೆ ಬರಬೇಕು. ಕುರ್ಚಿ ಮೇಲೆ ಕಂಬಳಿ ಮಡಚಿ ಹಾಕಿ ಎತ್ತರ ಮಾಡಿದೆ, ಭಾರ ಎಂಟು ಕಿಲೋಗೆ ಇಳಿಸಿದೆ. ಎರಡು ವಾರದಲ್ಲಿ ಸರಿಹೋಯಿತು. ಆಮೇಲೆ ಒಂದೊಂದೇ ಕಿಲೋ ಬಿಡಿ ಅಕ್ಕಿ ಕಟ್ಟಿ ಸೇರಿಸಿದೆ.

ಊಟದಲ್ಲಿ ಪ್ರೋಟೀನ್ ಕಡಿಮೆ ಇತ್ತು. ನನ್ನ ತೂಕ 68 ಕಿಲೋ, ದಿನಕ್ಕೆ 70ರಿಂದ 80 ಗ್ರಾಂ ಬೇಕು. ರೊಟ್ಟಿ ಜೊತೆ ಹೆಸರುಕಾಳು ಪಲ್ಯ ಜಾಸ್ತಿ ಮಾಡಿಕೊಂಡೆ, ಎರಡು ಮೊಟ್ಟೆ, ಗಟ್ಟಿ ಮೊಸರು ಸೇರಿಸಿದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ಇತ್ತೀಚೆಗೆ ಎದೆನೋವು ಬಂದವರು, ಬಿಪಿ ಹತೋಟಿಯಲ್ಲಿಲ್ಲದವರು, ಹರ್ನಿಯಾ ಇರುವವರು ಭಾರಕ್ಕೂ ಮೊದಲು ಕೇಳಬೇಕು.

ಹದಿನಾರನೇ ವಾರದ ಕೊನೆಗೆ ಬ್ಯಾಗಿನಲ್ಲಿ 18 ಕಿಲೋ ಇತ್ತು. ಕುರ್ಚಿ ಪರೀಕ್ಷೆ 9.6 ಸೆಕೆಂಡು. ಮುಚ್ಚಿದ ತೂಬು ಇದರಿಂದ ತೆರೆಯಲಿಲ್ಲ. ಸತ್ತ ನ್ಯೂರಾನ್ ತಿರುಗಿ ಬರುವುದಿಲ್ಲ, ಕಳೆದುಹೋದ ಎಳೆಯೂ ಬರುವುದಿಲ್ಲ. ಉಳಿದ ವೇಗದ ಎಳೆಗಳು ದಪ್ಪಗಾದವು, ಅವನ್ನು ನಡೆಸುವ ನರಗಳು ಚುರುಕಾದವು. ನನಗೆ ಸಿಕ್ಕಿದ್ದು ಇದು.

ಈ ವರ್ಷ ತಂಗಿ ಮಗಳ ಮದುವೆ ಓಡಾಟದಲ್ಲಿ ಐದು ವಾರ ತಪ್ಪಿತು. ತಿರುಗಿ ಅಳೆದಾಗ 10.7 ಸೆಕೆಂಡು ಬಂತು. 12 ಕಿಲೋದಿಂದ ಮತ್ತೆ ಶುರು ಮಾಡಿದ್ದೇನೆ. ಈಗ ಪಕ್ಕದ ಕುರ್ಚಿಯಲ್ಲಿ ನನ್ನ ಹೆಂಡತಿಯೂ ಕೂರುತ್ತಾಳೆ. ಅವಳ ಚೀಲದಲ್ಲಿ ನಾಲ್ಕು ಕಿಲೋ ಇದೆ.